ಎಐ ಬರೆದ ಲೇಬಲ್‌ನಲ್ಲಿ ಕನ್ನಡ ಏಕೆ ಒಡೆಯುತ್ತದೆ? ಚಿತ್ರ ಅದು ಬರೆಯಲಿ, ಅಕ್ಷರ ನೀವೇ ಹಾಕಿ

ನವೆಂಬರ್ ಒಂದರ ಬೆಳಿಗ್ಗೆ ವಾಟ್ಸಾಪ್ ತೆರೆದರೆ ಸಾಲುಸಾಲಾಗಿ ರಾಜ್ಯೋತ್ಸವದ ಶುಭಾಶಯಗಳು. ಹಳದಿ-ಕೆಂಪು ಬಾವುಟ, ಭುವನೇಶ್ವರಿಯ ಚಿತ್ರ, ಹಿಂದೆ ಹಂಪಿಯ ಕಲ್ಲಿನ ರಥ. ಚಿತ್ರ ನೋಡಿದರೆ ಕಣ್ಣಿಗೆ ಹಬ್ಬ. ಆದರೆ ಕೆಳಗಿನ ದೊಡ್ಡಕ್ಷರ ಓದಲು ಹೋದರೆ ನಾಲಿಗೆ ತಡವರಿಸುತ್ತದೆ. 'ಕನ್ನಡ'ದಲ್ಲಿ ನ ಅಕ್ಷರದ ಒತ್ತು ಮಾಯ, 'ರಾಜ್ಯೋತ್ಸವ'ದಲ್ಲಿ ಎಲ್ಲಿಂದಲೋ ಬಂದ ಸುರುಳಿ, ಕೊನೆಯ ಅಕ್ಷರ ಕನ್ನಡದ್ದೋ ತೆಲುಗಿನದೋ ಎರಡೂ ಅಲ್ಲದ್ದೋ ತಿಳಿಯದು. ಕನ್ನಡದ ಹಬ್ಬಕ್ಕೆ ಓದಲಾಗದ ಕನ್ನಡ!

ಶುಭಾಶಯವಾದರೆ ನಕ್ಕು ಮುಂದೆ ಕಳಿಸುತ್ತೇವೆ. ಅದೇ ತಪ್ಪು ಉಪ್ಪಿನಕಾಯಿ ಜಾಡಿಯ ಲೇಬಲ್ ಮೇಲೆ, ಹಪ್ಪಳದ ಪ್ಯಾಕೆಟ್ ಮೇಲೆ, ಮನೆಯಲ್ಲಿ ಮಾಡಿದ ಸೋಪಿನ ಹೊದಿಕೆಯ ಮೇಲೆ ಬಂದರೆ ನಗುವ ಮಾತಲ್ಲ. ಈಗ ಮನೆಯಲ್ಲೇ ಸಣ್ಣ ಉದ್ಯೋಗ ಮಾಡುವ ಅನೇಕರು ಫೋನಿನಲ್ಲೇ ಎಐ ಆ್ಯಪ್ ಬಳಸಿ ಲೇಬಲ್ ಮಾಡಿಸಿಕೊಳ್ಳುತ್ತಿದ್ದಾರೆ. ಕನ್ನಡದಲ್ಲಿ ಒಂದು ಗೆರೆ ಆಚೀಚೆಯಾದರೂ ಅರ್ಥವೇ ಬದಲಾಗುತ್ತದೆ. 'ಹಾಲು' ಎಂದು ಬರೆಯಿಸಲು ಹೋಗಿ 'ಹಾಳು' ಎಂದು ಬಂದರೆ ಆ ಡಬ್ಬಿಯನ್ನು ಯಾರು ಕೊಳ್ಳುತ್ತಾರೆ?

ಇದಕ್ಕೆ ಪರಿಹಾರ ಎಂದು ಎರಡು ಮಾತುಗಳು ಹರಿದಾಡುತ್ತಿವೆ. ಒಂದು, 'ಫೋನಿಗೆ ಒಳ್ಳೆಯ ಕನ್ನಡ ಫಾಂಟ್ ಹಾಕಿಕೊಳ್ಳಿ, ಎಲ್ಲ ಸರಿಹೋಗುತ್ತದೆ.' ಇನ್ನೊಂದು, 'ಆದೇಶ ಕೊಡುವಾಗ ತಪ್ಪಿಲ್ಲದೆ ಬರೆ ಎಂದು ಸೇರಿಸಿ, ಸಾಕು.' ಮೊದಲನೆಯದು ಈ ಸಮಸ್ಯೆಗೆ ಸಂಬಂಧವೇ ಇಲ್ಲದ ಮಾತು. ಎರಡನೆಯದರಿಂದ ಕೆಲವೊಮ್ಮೆ ಅದೃಷ್ಟ ಒಲಿಯಬಹುದು, ಆದರೆ ಅದನ್ನು ನಂಬಿ ಲೇಬಲ್ ಅಚ್ಚು ಹಾಕಿಸುವಂತಿಲ್ಲ. ಏಕೆ ಎಂಬುದು ತಿಳಿಯಬೇಕಾದರೆ, ನಾವು ಟೈಪ್ ಮಾಡುವ ಅಕ್ಷರಕ್ಕೂ ಎಐ ಬಿಡಿಸುವ ಅಕ್ಷರಕ್ಕೂ ಇರುವ ವ್ಯತ್ಯಾಸ ನೋಡಬೇಕು.

## ನೀವು ಟೈಪ್ ಮಾಡಿದಾಗ ಏನಾಗುತ್ತದೆ?

ಫೋನಿನಲ್ಲಿ 'ಉಪ್ಪಿನಕಾಯಿ' ಎಂದು ಟೈಪ್ ಮಾಡಿ. ಕಣ್ಣಿಗೆ ಕಾಣುವುದು ಐದು ಅಕ್ಷರ: ಉ, ಪ್ಪಿ, ನ, ಕಾ, ಯಿ. ಆದರೆ ಫೋನಿನ ಒಳಗೆ ಕೂತಿರುವುದು ಹತ್ತು ಸಂಕೇತಗಳು. ಉ, ಪ, ಅರ್ಧಾಕ್ಷರದ ಗುರುತು, ಮತ್ತೊಂದು ಪ, ಗುಡಿಸು, ನ, ಕ, ಇಳಿ, ಯ, ಮತ್ತೊಂದು ಗುಡಿಸು. ಇವುಗಳಿಗೆಲ್ಲ ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಒಂದೊಂದು ಸಂಖ್ಯೆ ಇದೆ. ಕನ್ನಡಕ್ಕೆಂದು ಅಲ್ಲಿ 128 ಸ್ಥಾನಗಳನ್ನು ಕಾದಿರಿಸಲಾಗಿದೆ.

ಈ ಹತ್ತು ಸಂಕೇತಗಳನ್ನು ಬಂದ ಹಾಗೆ ಒಂದರ ಪಕ್ಕ ಒಂದು ಇಟ್ಟರೆ ಕನ್ನಡ ಆಗುವುದಿಲ್ಲ. 'ಪ್ಪಿ' ಅಕ್ಷರವನ್ನೇ ನೋಡಿ. ಗುಡಿಸನ್ನು ನೀವು ಒತ್ತಿದ್ದು ಎರಡನೆಯ ಪ ಆದ ಮೇಲೆ. ಆದರೆ ಪರದೆಯ ಮೇಲೆ ಅದು ಏರಿ ಕೂತಿರುವುದು ಮೊದಲನೆಯ ಪ ಅಕ್ಷರದ ತಲೆಯ ಮೇಲೆ. ಎರಡನೆಯ ಪ ಚಿಕ್ಕದಾಗಿ ಕೆಳಗೆ ಒತ್ತಾಗಿ ಇಳಿದಿದೆ. 'ಪದಾರ್ಥ' ಎಂಬ ಪದದಲ್ಲಿ ಇನ್ನೂ ವಿಚಿತ್ರ. ನೀವು ಮೊದಲು ಟೈಪ್ ಮಾಡುವುದು ರ, ಆಮೇಲೆ ಥ. ಕಾಣುವಾಗ ಥ ಮೊದಲು, ರ ಅಕ್ಷರ ಅರ್ಕಾವೊತ್ತಾಗಿ ಅದರ ಹಿಂದೆ.

ಈ ಜೋಡಣೆ ಮಾಡಲು ಫೋನಿನಲ್ಲಿ ಒಂದು ತಂತ್ರಾಂಶ ಸದಾ ದುಡಿಯುತ್ತಿರುತ್ತದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಇವುಗಳಲ್ಲೆಲ್ಲ ಇರುವುದು ಹಾರ್ಫ್‌ಬಜ್ ಎಂಬ ಉಚಿತ ತಂತ್ರಾಂಶ. ಯಾವ ಅಕ್ಷರ ತಲೆ, ಯಾವುದು ಒತ್ತು, ಗುಡಿಸು ಯಾರ ಮೇಲೆ ಎಂದು ಅದು ನಿಯಮದಂತೆ ತೀರ್ಮಾನಿಸಿ, ಫಾಂಟ್‌ನಲ್ಲಿರುವ ಸಿದ್ಧ ಆಕಾರಗಳನ್ನು ತೆಗೆದು ಜೋಡಿಸುತ್ತದೆ. ಅಚ್ಚಿನ ಮೊಳೆ ಜೋಡಿಸುವ ಹಳೆಯ ಕಾಲದ ಕಂಪೋಸಿಟರ್ ಮಾಡುತ್ತಿದ್ದ ಕೆಲಸವೇ ಇದು. ಸಾವಿರ ಸಲ 'ಉಪ್ಪಿನಕಾಯಿ' ಬರೆದರೂ ಸಾವಿರ ಸಲವೂ ಒಂದೇ ರೂಪ ಬರುತ್ತದೆ.

## ಎಐ ಮಾಡುವುದೇ ಬೇರೆ

ಚಿತ್ರ ಬರೆಯುವ ಎಐ ಈ ದಾರಿ ಹಿಡಿಯುವುದಿಲ್ಲ. ಅದರ ಬಳಿ ಫಾಂಟ್ ಇಲ್ಲ, ಮೊಳೆ ಇಲ್ಲ, ಕಂಪೋಸಿಟರ್ ಕೂಡ ಇಲ್ಲ. ನಿಮ್ಮ ಫೋನಿನಲ್ಲಿ ಎಷ್ಟು ಚಂದದ ಫಾಂಟ್ ಇದ್ದರೂ ಅದು ತೆರೆದು ನೋಡುವುದಿಲ್ಲ. ಮೊದಲ ಪರಿಹಾರ ಸುಳ್ಳು ಎಂದದ್ದು ಇದಕ್ಕೇ.

ಅದು ಕಲಿತಿರುವುದು ಕೋಟಿಗಟ್ಟಲೆ ಚಿತ್ರಗಳನ್ನೂ ಅವುಗಳ ಜೊತೆಗಿನ ವಿವರಣೆಯನ್ನೂ ನೋಡಿ. ಈ ಬಗೆಯ ಬಹುತೇಕ ಸಾಧನಗಳು ಕೆಲಸ ಶುರುಮಾಡುವುದು ಹಳೆಯ ಟಿವಿಯಲ್ಲಿ ಚಾನೆಲ್ ಬಾರದಾಗ ಕಾಣುತ್ತಿದ್ದ ಚುಕ್ಕೆಗಳ ಗದ್ದಲದಂಥ ಚಿತ್ರದಿಂದ. ಆ ಗದ್ದಲವನ್ನು ಹಂತಹಂತವಾಗಿ ತಿದ್ದುತ್ತಾ, 'ಮಾವು ಹೀಗಿರುತ್ತದೆ, ಜಾಡಿ ಹೀಗಿರುತ್ತದೆ' ಎಂದು ಅಂದಾಜಿನಲ್ಲಿ ರೂಪ ಕೊಡುತ್ತಾ ಹೋಗುತ್ತದೆ. ಮಾವಿನ ಎಲೆ ಎರಡು ಮಿಲಿಮೀಟರ್ ಉದ್ದವಾದರೂ ಅದು ಎಲೆಯೇ. ಅಂದಾಜು ಅಲ್ಲಿ ನಡೆಯುತ್ತದೆ. ಅಕ್ಷರವನ್ನೂ ಅದು ಹಾಗೆಯೇ, ಒಂದು ಎಲೆಯಂತೆ, ಬಿಡಿಸುತ್ತದೆ. 'ಲೇಬಲ್‌ನ ಈ ಜಾಗದಲ್ಲಿ ಸಾಮಾನ್ಯವಾಗಿ ದುಂಡು ದುಂಡಾದ ಗೆರೆಗಳು ಇರುತ್ತವೆ' ಎಂಬುದಷ್ಟೇ ಅದರ ಲೆಕ್ಕ. ಅಕ್ಷರದಲ್ಲಿ ಅಂದಾಜು ನಡೆಯುವುದಿಲ್ಲ. ಪ ಅಕ್ಷರದ ಒಳಗೆ ಒಂದು ಗೆರೆ ಬಂದರೆ ಅದು ಶಾಲೆಯಲ್ಲಿ ಕಲಿತ 'ಹೊಟ್ಟೆ ಸೀಳಿದ ಷ' ಆಗಿಬಿಡುತ್ತದೆ.

ಕನ್ನಡ ಬಾರದ ಒಬ್ಬ ಚಿತ್ರಗಾರನನ್ನು ನೆನೆಸಿಕೊಳ್ಳಿ. ಬೆಂಗಳೂರಿನ ಬೀದಿಯ ಬೋರ್ಡುಗಳನ್ನು ದೂರದಿಂದ ನೋಡಿದ್ದಾನೆ. ಊರಿಗೆ ಹೋಗಿ ನೆನಪಿನಿಂದ ಆ ಬೀದಿಯ ಚಿತ್ರ ಬರೆದರೆ ಬೋರ್ಡಿನ ಮೇಲೆ ಕನ್ನಡದಂತೆ ಕಾಣುವ ಏನನ್ನೋ ಬರೆಯುತ್ತಾನೆ. ದೂರದಿಂದ ಅದು ಕನ್ನಡ, ಹತ್ತಿರ ಹೋದರೆ ಬರೀ ಗೆರೆ.

## ಇಂಗ್ಲಿಷ್ ಸರಿ ಬರುತ್ತದೆ, ಕನ್ನಡಕ್ಕೇಕೆ ಈ ಪಾಡು?

2022ರ ಸುಮಾರಿಗೆ ಬಂದ ಸಾಧನಗಳಲ್ಲಿ ಇಂಗ್ಲಿಷ್ ಕೂಡ ಒಡೆಯುತ್ತಿತ್ತು. ಈಗಿನವು ಇಂಗ್ಲಿಷ್ ಪದಗಳನ್ನು ಬಹಳ ಮಟ್ಟಿಗೆ ಸರಿಯಾಗಿ ಬರೆಯುತ್ತವೆ. ಕೆಲವು ಹೊಸ ಸಾಧನಗಳಲ್ಲಿ ಕನ್ನಡದ ಒಂದೆರಡು ಚಿಕ್ಕ ಪದವೂ ಸರಿ ಬರುವುದುಂಟು. ಆದರೂ ಕನ್ನಡ ಹಿಂದೆ ಉಳಿಯಲು ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು, ನೋಡಿದ್ದು ಕಡಿಮೆ. ಅಂತರ್ಜಾಲದಲ್ಲಿ ವಿವರಣೆ ಸಮೇತ ಸಿಗುವ ಚಿತ್ರಗಳಲ್ಲಿ ಇಂಗ್ಲಿಷ್ ಅಕ್ಷರ ಇರುವವೇ ಹೆಚ್ಚು. ಕನ್ನಡ ಬೋರ್ಡಿನ ಫೋಟೊ ಇದ್ದರೂ ಅದರ ಜೊತೆಯ ವಿವರಣೆ 'ಬೆಂಗಳೂರಿನ ಒಂದು ಅಂಗಡಿ' ಎಂದಿರುತ್ತದೆಯೇ ಹೊರತು ಬೋರ್ಡಿನಲ್ಲಿ ಏನು ಬರೆದಿದೆ ಎಂದಿರುವುದಿಲ್ಲ. ಆಕಾರಕ್ಕೂ ಪದಕ್ಕೂ ನಂಟು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರಂತೆ ಇರುವುದರಿಂದ ಎರಡರ ಆಕಾರಗಳೂ ಕಲಸಿ ಬರುತ್ತವೆ.

ಎರಡನೆಯದು, ಕೂಡಿಕೆಗಳು ಬಹಳ. ಇಂಗ್ಲಿಷ್‌ನಲ್ಲಿ ಚಿಕ್ಕದು ದೊಡ್ಡದು ಸೇರಿ 52 ಆಕಾರ. ಅವು ಒಂದರ ಪಕ್ಕ ಒಂದು ನಿಲ್ಲುತ್ತವೆ ಅಷ್ಟೆ. ಕನ್ನಡದಲ್ಲಿ ವ್ಯಂಜನಕ್ಕೆ ಕಾಗುಣಿತ ಸೇರುತ್ತದೆ, ಅದಕ್ಕೆ ಒತ್ತು, ಕೆಲವೊಮ್ಮೆ 'ರಾಷ್ಟ್ರ'ದಲ್ಲಿರುವಂತೆ ಒತ್ತಿಗೊಂದು ಒತ್ತು. ಹೀಗೆ ಕೂಡಿದ ಆಕಾರಗಳು ಸಾವಿರಗಟ್ಟಲೆ ಆಗುತ್ತವೆ. ಅವುಗಳಲ್ಲಿ ಎಷ್ಟೋ ರೂಪಗಳನ್ನು ಎಐ ಚಿತ್ರಗಳಲ್ಲಿ ಸರಿಯಾಗಿ ಕಂಡೇ ಇರುವುದಿಲ್ಲ. ಸಾಲದ್ದಕ್ಕೆ ನೀವು ಬರೆದ ಕನ್ನಡ ಆದೇಶವೂ ಅದಕ್ಕೆ ಇಡಿಯಾಗಿ ತಲುಪುವುದಿಲ್ಲ. ಗಣಕದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. 'ಉಪ್ಪಿನಕಾಯಿ'ಯ ಹತ್ತು ಸಂಕೇತ ಎಂದರೆ 30 ಬೈಟ್. ಅನೇಕ ಸಾಧನಗಳು ಇದನ್ನು ಅರ್ಥವಿಲ್ಲದ ಚೂರುಗಳಾಗಿ ಕತ್ತರಿಸಿ ಓದುತ್ತವೆ.

ಮೂರನೆಯದು, ಒತ್ತು ಬಹಳ ಚಿಕ್ಕದು. ಸ್ಟೇಬಲ್ ಡಿಫ್ಯೂಷನ್ ಎಂಬ ಹೆಸರಾಂತ ಸಾಧನದ ಮೊದಲ ಆವೃತ್ತಿಯನ್ನು ತೆಗೆದುಕೊಳ್ಳಿ. ಅದು ಕೊಡುತ್ತಿದ್ದ ಚಿತ್ರ 512 ಚುಕ್ಕೆ ಅಗಲ, 512 ಚುಕ್ಕೆ ಎತ್ತರ. ಆದರೆ ಒಳಗೆ ಅದು ಕೆಲಸ ಮಾಡುತ್ತಿದ್ದದ್ದು ಎಂಟು ಪಟ್ಟು ಕುಗ್ಗಿಸಿದ, ಅಂದರೆ 64 ಅಗಲ 64 ಎತ್ತರದ ಚೌಕಗಳ ಮೇಲೆ. ಕೊನೆಗೆ ಅದನ್ನು ಹಿಗ್ಗಿಸಿ ಚಿತ್ರ ಮಾಡುತ್ತಿತ್ತು. ಲೇಬಲ್ ಮೇಲೆ 24 ಚುಕ್ಕೆ ಎತ್ತರದ ಅಕ್ಷರ ಎಂದರೆ ಅದಕ್ಕೆ ಸಿಗುವುದು ಮೂರು ಚೌಕ. ಅದರ ಒತ್ತಿಗೆ ಒಂದೇ ಚೌಕ. ಅಷ್ಟರಲ್ಲಿ ಪ ಒತ್ತು ಯಾವುದು, ವ ಒತ್ತು ಯಾವುದು, ಥ ಅಕ್ಷರದ ಹೊಟ್ಟೆಯ ಚುಕ್ಕೆ ಎಲ್ಲಿ ಎಂದು ಬೇರೆ ಮಾಡಿ ತೋರಿಸುವುದು ಕಷ್ಟ. ಆ ಮೇಲೆ ಬಂದ ಸಾಧನಗಳಲ್ಲಿ ಚಿತ್ರವೂ ದೊಡ್ಡದಾಗಿದೆ, ಸೂಕ್ಷ್ಮವೂ ಹೆಚ್ಚಿದೆ. ಹೀಗಾಗಿಯೇ ದೊಡ್ಡ ತಲೆಬರಹ ಒಮ್ಮೊಮ್ಮೆ ಸರಿ ಬರುತ್ತದೆ. ಕೆಳಗಿನ ಚಿಕ್ಕ ಸಾಲುಗಳು ಮಾತ್ರ ಇರುವೆ ಸಾಲಿನಂತೆ ಆಗಿಬಿಡುತ್ತವೆ.

## ಮತ್ತೆ ಮತ್ತೆ ಮಾಡಿಸಿದರೆ ಸರಿ ಬರುವುದಿಲ್ಲವೇ?

ಹತ್ತು ಸಲ ಮಾಡಿಸಿದರೆ ಒಮ್ಮೆ ಹೆಸರು ಸರಿ ಬರಬಹುದು. ಆದರೆ ಪ್ರತಿ ಸಲವೂ ಅದು ಹೊಸದಾಗಿ ದಾಳ ಉರುಳಿಸಿದಂತೆ. ಹೆಸರು ಸರಿ ಬಂದಾಗ ತೂಕ ಹೋಗಿರುತ್ತದೆ, ತೂಕ ಸರಿ ಬಂದಾಗ ಮಾವಿನಕಾಯಿ ಬಾಳೆಕಾಯಿಯಂತೆ ಆಗಿರುತ್ತದೆ. 'ಈ ಒಂದು ಅಕ್ಷರ ತಿದ್ದು' ಎಂದರೆ ಪಕ್ಕದ ಅಕ್ಷರವೂ ಅಲುಗುತ್ತದೆ, ಏಕೆಂದರೆ ಆ ಚಿತ್ರದಲ್ಲಿ ಅಕ್ಷರ ಎಂಬ ಬೇರೆ ವಸ್ತುವೇ ಇಲ್ಲ. ಎಲ್ಲವೂ ಬಣ್ಣದ ಚುಕ್ಕೆ.

ಇದಕ್ಕಿಂತ ದೊಡ್ಡ ಅಪಾಯ 'ಹೆಚ್ಚು ಕಡಿಮೆ ಸರಿ' ಬಂದ ಲೇಬಲ್. ಪೂರ್ತಿ ಕೆಟ್ಟದ್ದು ಕಣ್ಣಿಗೆ ಹೊಡೆಯುತ್ತದೆ, ನಾವು ಎಸೆಯುತ್ತೇವೆ. ಮುಕ್ಕಾಲು ಸರಿ ಇದ್ದದ್ದನ್ನು ಮಾಡಿದವರ ಕಣ್ಣೇ ತಿದ್ದಿಕೊಂಡು ಓದಿಬಿಡುತ್ತದೆ. ಅಲ್ಲಿ ಏನಿರಬೇಕು ಎಂಬುದು ನಿಮಗೆ ಮೊದಲೇ ಗೊತ್ತಲ್ಲ! ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಕನ್ನಡ ಅಂಕಿಗಳಲ್ಲಿ ಬರೆಸಿದರಂತೂ ೬ ಮತ್ತು ೯ ಒಂದರ ಬದಲು ಇನ್ನೊಂದು ಕಂಡರೆ ಆರು ತಿಂಗಳು ಬಾಳಿಕೆಯ ತಿನಿಸು ಒಂಬತ್ತು ತಿಂಗಳದ್ದಾಗುತ್ತದೆ.

## ಒಡೆದದ್ದು ಯಾವ ಬಗೆ? ಗುರುತಿಸುವುದು ಹೀಗೆ

ಕನ್ನಡ ಒಡೆದಂತೆ ಕಂಡದ್ದೆಲ್ಲ ಎಐ ತಪ್ಪಲ್ಲ. ಮೂರು ಬಗೆಯ ಒಡಕು ಇದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಒಂದೇ ಅಕ್ಷರ ಎರಡು ಕಡೆ ಬಂದಿದ್ದರೆ ಅವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕ ಒಂದು ಥರ, ಇನ್ನೊಂದು ಕ ಇನ್ನೊಂದು ಥರ ಇದ್ದರೆ, ಯಾವ ಲಿಪಿಗೂ ಸೇರದ ಗೆರೆಗಳಿದ್ದರೆ, ಅದು ಎಐ ಬಿಡಿಸಿದ ಅಕ್ಷರದ ಚಿತ್ರ. ಫಾಂಟ್ ಬದಲಿಸಿ ಅದನ್ನು ಸರಿ ಮಾಡಲಾಗದು. ಅಳಿಸಿ ಹೊಸದಾಗಿ ಬರೆಯಬೇಕು.

ತಪ್ಪು ಎಲ್ಲ ಕಡೆಯೂ ಒಂದೇ ಥರ ಇದ್ದರೆ, ಅಂದರೆ ಒತ್ತು ಕೆಳಗೆ ಇಳಿಯದೆ ಪ್ರತಿ ಸಲವೂ 'ಉಪ್‌ಪಿನಕಾಯಿ' ಎಂದು ಬಿಡಿಬಿಡಿಯಾಗಿ ನಿಂತಿದ್ದರೆ, ಅಥವಾ ಚುಕ್ಕೆಗಳ ವೃತ್ತ ಕಂಡರೆ, ಸಾಮಾನ್ಯವಾಗಿ ನೀವು ಟೈಪ್ ಮಾಡಿದ್ದು ಸರಿಯಾಗಿಯೇ ಇರುತ್ತದೆ. ಆ ಆ್ಯಪ್‌ಗೆ ಕನ್ನಡ ಜೋಡಿಸಲು ಬರುವುದಿಲ್ಲ ಅಷ್ಟೆ. ಬೇರೆ ಆ್ಯಪ್ ಬಳಸಬೇಕು. ಅಕ್ಷರದ ಬದಲು ಖಾಲಿ ಡಬ್ಬಿಗಳು ಕಂಡರೆ ಆ ಫಾಂಟ್‌ನಲ್ಲಿ ಕನ್ನಡವೇ ಇಲ್ಲ ಎಂದರ್ಥ. ಆಗ ಮಾತ್ರ ಫಾಂಟ್ ಬದಲಿಸಿದರೆ ಸರಿಹೋಗುತ್ತದೆ. ಫಾಂಟ್ ಹಾಕಿಕೊಳ್ಳಿ ಎಂಬ ಸಲಹೆ ಹುಟ್ಟಿದ್ದು ಇಂಥ ಕಡೆ ಇರಬೇಕು.

ಮೂರನೆಯದು ಪ್ರೆಸ್‌ಗಳಲ್ಲಿ ಕಾಣುವುದು. 'ಕನ್ನಡ' ಎಂಬ ಪದ `PÀ£ÀßqÀ` ಎಂದು ಕಂಡರೆ ಅದು ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿ ಬರೆದ ಪಠ್ಯ. ಆ ಫಾಂಟ್ ಇಲ್ಲದ ಕಡೆ ತೆರೆದಿದ್ದರಿಂದ ಹೀಗೆ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿದರೆ ಸರಿಯಾಗುತ್ತದೆ.

## ಒಂದು ಜಾಡಿಯ ಲೇಬಲ್: ಮೊದಲಿನಿಂದ ಕೊನೆಯವರೆಗೆ

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿರಸಿ ಕಡೆಯ ಮನೆಯೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಜಾಡಿಗೆ 90 ಮಿಲಿಮೀಟರ್ ಅಗಲ, 60 ಮಿಲಿಮೀಟರ್ ಎತ್ತರದ ಲೇಬಲ್ ಬೇಕು. ಮಿಡಿಯ ಚಿತ್ರ ಎಐ ಬರೆಯಲಿ, ಅಕ್ಷರ ಮಾತ್ರ ಬೇಡ.

ಇಲ್ಲಿ ಹೆಚ್ಚಿನವರು ಎಡವುವುದು ಆದೇಶದ ಮೊದಲ ಪದದಲ್ಲೇ. 'ಉಪ್ಪಿನಕಾಯಿ ಲೇಬಲ್ ಮಾಡು, ಅಕ್ಷರ ಬೇಡ' ಎನ್ನುತ್ತಾರೆ. ಆದರೆ ಎಐ ನೋಡಿರುವ ಲೇಬಲ್‌ಗಳಲ್ಲೆಲ್ಲ ಅಕ್ಷರ ಇದ್ದೇ ಇತ್ತು. 'ಲೇಬಲ್', 'ಪೋಸ್ಟರ್', 'ಪ್ಯಾಕೆಟ್' ಎಂಬ ಪದ ಕಂಡೊಡನೆ ಅದು ಅಕ್ಷರದಂಥ ಗೆರೆ ಎಳೆಯಲು ಹೊರಡುತ್ತದೆ. 'ಬೇಡ' ಎಂಬ ಮಾತಿನ ತೂಕ ಅದಕ್ಕೆ ಎಷ್ಟೋ ಸಲ ಹತ್ತುವುದಿಲ್ಲ. ಆದ್ದರಿಂದ ಏನು ಬೇಡ ಎನ್ನುವುದಕ್ಕಿಂತ ಆ ಜಾಗದಲ್ಲಿ ಏನು ಇರಬೇಕು ಎಂದು ಹೇಳುವುದು ಮೇಲು. ಲೇಬಲ್ ಎನ್ನದೆ ಚಿತ್ರ ಎನ್ನಿ, ಅಕ್ಷರ ಬರಬೇಕಾದ ಜಾಗ ಖಾಲಿ ಕೆನೆಬಣ್ಣ ಎನ್ನಿ. ಇಂಗ್ಲಿಷ್‌ನಲ್ಲಿ ಬರೆಯುವುದಾದರೆ ಹೀಗೆ:

```
flat illustration, small green mangoes with leaves
along the left edge and the bottom edge,
the rest is a large plain cream area,
empty, one even colour, no text
```

ಎಡ ಅಂಚಿನಲ್ಲಿ ಮತ್ತು ಕೆಳ ಅಂಚಿನಲ್ಲಿ ಎಲೆ ಸಮೇತ ಮಾವಿನ ಮಿಡಿ, ಉಳಿದದ್ದು ಒಂದೇ ಬಣ್ಣದ ಖಾಲಿ ಜಾಗ ಎಂಬುದು ಇದರ ಅರ್ಥ. ಒಂದೇ ಬಣ್ಣ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಮರದ ಹಲಗೆ, ಹಳೆಯ ಕಾಗದದ ಕಲೆ ಇಂಥ ಹಿನ್ನೆಲೆ ಬಂದರೆ ಒತ್ತಕ್ಷರದ ಚಿಕ್ಕ ಗೆರೆಗಳು ಅದರಲ್ಲಿ ಮುಳುಗಿಹೋಗುತ್ತವೆ. ಆಮೇಲೆ ಏನಾದರೂ ಮುಚ್ಚಬೇಕಾದರೂ ಕಷ್ಟ. ಕೆಲವು ಸಾಧನಗಳಲ್ಲಿ ಬೇಡವಾದದ್ದನ್ನು ಬರೆಯಲು ಬೇರೆ ಪೆಟ್ಟಿಗೆ ಇರುತ್ತದೆ. ಇದ್ದರೆ `text` ಎಂಬ ಪದವನ್ನು ಅಲ್ಲಿಗೆ ಹಾಕಿ.

ಆದೇಶದಲ್ಲಿ ಉಪ್ಪಿನಕಾಯಿಯ ಹೆಸರು, ಊರು, ತೂಕ ಯಾವುದನ್ನೂ ಬರೆಯಬೇಡಿ. ಬರೆದರೆ ಅದು ಬಿಡಿಸಲು ಪ್ರಯತ್ನಿಸುತ್ತದೆ. ಹಾಗೆಯೇ ಬಾರ್‌ಕೋಡ್, ಕ್ಯೂಆರ್ ಕೋಡ್, ಸಸ್ಯಾಹಾರದ ಹಸಿರು ಚುಕ್ಕೆಯ ಗುರುತು ಇವನ್ನೂ ಕೇಳಬೇಡಿ. ಎಐ ಬಿಡಿಸಿದ ಬಾರ್‌ಕೋಡ್ ಬರೀ ಪಟ್ಟೆ, ಅಂಗಡಿಯ ಯಂತ್ರ ಅದನ್ನು ಓದದು.

ಚಿತ್ರ ಬಂದಿದೆ ಎನ್ನೋಣ. 1,024 ಚುಕ್ಕೆ ಅಗಲ ಇದ್ದರೆ 90 ಮಿಲಿಮೀಟರ್ ಲೇಬಲ್‌ಗೆ ಇಂಚಿಗೆ ಸುಮಾರು 290 ಚುಕ್ಕೆ ಆಗುತ್ತದೆ. ಅಚ್ಚಿಗೆ ಸಾಮಾನ್ಯವಾಗಿ ಕೇಳುವುದು 300. ಇಷ್ಟು ಚಿಕ್ಕ ಲೇಬಲ್‌ಗೆ ಧಾರಾಳ ಸಾಕು. ಅದೇ ಚಿತ್ರವನ್ನು ಅಂಗಡಿಯ ಮುಂದಿನ ಬ್ಯಾನರ್‌ಗೆ ಬಳಸಿದರೆ ಮಸುಕಾಗುತ್ತದೆ. ಚಿತ್ರವನ್ನು ಹಿಗ್ಗಿಸಿ ಮೂಲೆ ಮೂಲೆ ನೋಡಿ. ಎಲೆಯ ನಡುವೆ ಸಹಿಯಂಥ ಗೀಚು ಇದ್ದರೆ ಆ ಜಾಗದ ಬಣ್ಣವನ್ನೇ ಆರಿಸಿ ಮೇಲೊಂದು ಪಟ್ಟಿ ಇಟ್ಟು ಮುಚ್ಚಿ.

ಈಗ ಅಕ್ಷರದ ಸರದಿ. ಕ್ಯಾನ್ವಾದಂಥ, ಪಠ್ಯವನ್ನು ಬೇರೆ ಪದರದಲ್ಲಿ ಇಡುವ ಯಾವುದಾದರೂ ಆ್ಯಪ್‌ನಲ್ಲಿ ಚಿತ್ರವನ್ನು ಹಿನ್ನೆಲೆಯಾಗಿ ಹಾಕಿ. ಲೇಬಲ್‌ನ ಮಾತು ಬರೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಈ ಸಾಲನ್ನು ಟೈಪ್ ಮಾಡಿ ನೋಡಿ: ಉಪ್ಪಿನಕಾಯಿ, ಪದಾರ್ಥ, ರಾಷ್ಟ್ರ, ಕ್ಷೇತ್ರ, ಜ್ಞಾನ. ಐದೂ ಪದ ಇಲ್ಲಿ ಕಂಡಂತೆಯೇ ಅಲ್ಲಿಯೂ ಕಂಡರೆ ಆ ಆ್ಯಪ್ ಮತ್ತು ಫಾಂಟ್ ಎರಡೂ ನಂಬಿಕೆಗೆ ಯೋಗ್ಯ. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ ಇವು ಯೂನಿಕೋಡ್ ಫಾಂಟ್‌ಗಳು, ಉಚಿತ, ವ್ಯಾಪಾರಕ್ಕೂ ಬಳಸಬಹುದು. ಹೆಸರಿಗೆ ಬಾಲೂ ತಮ್ಮದಂಥ ದಪ್ಪ ದುಂಡು ಅಕ್ಷರ, ಚಿಕ್ಕ ವಿವರಕ್ಕೆ ನೋಟೊ ಸ್ಯಾನ್ಸ್ ಒಪ್ಪುತ್ತದೆ.

ಹೆಸರು, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ವಿಳಾಸ ಇವನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಬೇಡಿ. ಒಂದೊಂದಕ್ಕೂ ಒಂದೊಂದು ಪಠ್ಯಪೆಟ್ಟಿಗೆ ಮಾಡಿ. ನಾಳೆ 250 ಗ್ರಾಂ ಜಾಡಿ 500 ಗ್ರಾಂ ಆದರೆ ಆ ಒಂದು ಪೆಟ್ಟಿಗೆ ಮುಟ್ಟಿದರೆ ಸಾಕು. ತಯಾರಿಸಿದ ದಿನಾಂಕ, ಬೆಲೆ, ಬ್ಯಾಚ್ ಸಂಖ್ಯೆ ಪ್ರತಿ ಸಲ ಬದಲಾಗುವುದರಿಂದ ಅಲ್ಲಿ ಬಿಳಿ ಚೌಕ ಮಾತ್ರ ಬಿಡಿ. ಆಮೇಲೆ ಮೊಹರು ಒತ್ತಬಹುದು.

ಕನ್ನಡಕ್ಕೆಂದೇ ಮೂರು ಎಚ್ಚರಿಕೆ. ಸಾಲುಗಳ ನಡುವೆ ಅಕ್ಷರದ ಎತ್ತರದ ಒಂದೂವರೆ ಪಟ್ಟು ಅಂತರ ಕೊಡಿ. ಇಂಗ್ಲಿಷ್‌ಗೆ ಹೊಂದಿಸಿದ ಅಂತರವನ್ನೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸಬೇಡಿ. ಹಾಗೆ ಮಾಡಿದರೆ ದೀರ್ಘ, ಅರ್ಕಾವೊತ್ತು ತಮ್ಮ ಅಕ್ಷರ ಬಿಟ್ಟು ದೂರ ಹೋಗಿ ನಿಲ್ಲುತ್ತವೆ. ಹೆಸರನ್ನು ಕಮಾನಿನಂತೆ ಬಾಗಿಸುವ ಆಸೆ ಇದ್ದರೆ ಬಾಗಿಸಿದ ಮೇಲೆ ಇನ್ನೊಮ್ಮೆ ಓದಿ. ಕೆಲವು ಆ್ಯಪ್‌ಗಳು ಬಾಗಿಸುವಾಗ ಒಂದೊಂದು ಸಂಕೇತವನ್ನೂ ಬೇರೆ ಬೇರೆ ಮಾಡಿಬಿಡುತ್ತವೆ. ಫಾಂಟ್ ಸರಿ ಇದ್ದರೂ ಆಗ ಕನ್ನಡ ಒಡೆಯುತ್ತದೆ.

## ಉಳಿಸುವುದು, ಕಳಿಸುವುದು, ಓದಿಸುವುದು

ಕೆಲಸ ಮುಗಿದ ಮೇಲೆ ಎರಡು ಪ್ರತಿ ಇಟ್ಟುಕೊಳ್ಳಿ. ಒಂದು, ಪಠ್ಯ ಇನ್ನೂ ತಿದ್ದಲು ಬರುವ ಆ್ಯಪ್‌ನ ಮೂಲ ಕಡತ. ಇನ್ನೊಂದು, ಅಚ್ಚಿಗೆ ಕೊಡುವ ಪಿಡಿಎಫ್ ಅಥವಾ ಪಿಎನ್‌ಜಿ. ಎರಡನೆಯದರಲ್ಲಿ ಪಿಎನ್‌ಜಿ ಆದರೆ ಅಕ್ಷರಗಳು ಚಿತ್ರವಾಗಿ ಬೆಸೆದುಕೊಂಡಿರುತ್ತವೆ, ಮತ್ತೆ ತಿದ್ದಲಾಗದು. ಮೂಲ ಕಡತ ಕಳೆದುಕೊಂಡರೆ ಬೆಲೆಯ ಒಂದು ಅಂಕಿ ಬದಲಿಸಲೂ ಮೊದಲಿನಿಂದ ಶುರು ಮಾಡಬೇಕು.

ಪ್ರೆಸ್‌ಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೊ ಆಗಿ ಹೋದರೆ ಅದು ಕುಗ್ಗುತ್ತದೆ, ಒತ್ತುಗಳ ಅಂಚು ಮಸುಕಾಗುತ್ತದೆ. ಪ್ರೆಸ್‌ನವರು 'ಮ್ಯಾಟರ್ ಕಳಿಸಿ, ನಾವೇ ಟೈಪ್ ಮಾಡುತ್ತೇವೆ' ಎಂದರೆ ತಪ್ಪೇನಿಲ್ಲ. ಆದರೆ ಅಲ್ಲಿ ಯೂನಿಕೋಡ್‌ನಿಂದ ನುಡಿಗೆ ಬದಲಾಗುವಾಗ ಒಂದೆರಡು ಅಕ್ಷರ ಜಾರಬಹುದು. ಅಚ್ಚಿಗೆ ಮೊದಲು ಪ್ರೂಫ್ ಕೇಳಿ.

ಪ್ರೂಫ್ ಓದಲು ನೀವೇ ಕೂರಬೇಡಿ. ಲೇಬಲ್‌ನಲ್ಲಿ ಏನಿದೆ ಎಂದು ಗೊತ್ತಿಲ್ಲದ ಒಬ್ಬರ ಕೈಗೆ, ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆದ ಪ್ರತಿ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ಅವರು ತಡವರಿಸಿದ ಜಾಗದಲ್ಲಿ ತಪ್ಪಿದೆ, ಇಲ್ಲವೇ ಅಕ್ಷರ ತೀರಾ ಚಿಕ್ಕದಾಗಿದೆ. ಎರಡು ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಒತ್ತು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ ಎಂಬುದು ನೆನಪಿರಲಿ. ಫೋನಿನ ಪರದೆಯಲ್ಲಿ ಹಿಗ್ಗಿಸಿ ನೋಡಿದಾಗ ಇದು ತಿಳಿಯದು.

ಆಹಾರದ ಲೇಬಲ್ ಆದರೆ ಇನ್ನೊಂದು ವಿಷಯ ಗಮನಿಸಬೇಕು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಜೊತೆಗೆ ಕನ್ನಡದಲ್ಲೂ ಹಾಕಲು ಅಡ್ಡಿಯಿಲ್ಲ, ಆದರೆ ಎರಡೂ ಒಂದಕ್ಕೊಂದು ವಿರುದ್ಧವಾಗಿ ಇರಬಾರದು. 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆಯನ್ನು ನಿಮ್ಮ ಪ್ರಮಾಣಪತ್ರದಿಂದ ಕಾಪಿ ಮಾಡಿ ಹಾಕಿ. ಇಂಗ್ಲಿಷ್‌ನಲ್ಲಿ ಶೇಂಗಾ ಎಣ್ಣೆ ಎಂದಿದ್ದು ಕನ್ನಡದಲ್ಲಿ ಆ ಪದ ಓದಲಾಗದಂತೆ ಒಡೆದಿದ್ದರೆ, ಶೇಂಗಾ ಅಲರ್ಜಿ ಇರುವ, ಕನ್ನಡ ಮಾತ್ರ ಓದುವ ಒಬ್ಬರಿಗೆ ಆ ಲೇಬಲ್ ಇದ್ದೂ ಇಲ್ಲದಂತೆ.

ಎಐ ಸಾಧನಗಳು ಕನ್ನಡವನ್ನು ಇನ್ನಷ್ಟು ಚೆನ್ನಾಗಿ ಬಿಡಿಸುವ ದಿನ ಬರಬಹುದು. ಆಗಲೂ ಅದು ಬಿಡಿಸಿದ ಅಕ್ಷರ ಚಿತ್ರವೇ ಆಗಿರುವವರೆಗೆ ಬೆಲೆ ತಿದ್ದಲು, ತೂಕ ಬದಲಿಸಲು, ತಪ್ಪು ಸರಿಪಡಿಸಲು ಬರುವುದಿಲ್ಲ. ಟೈಪ್ ಮಾಡಿದ ಅಕ್ಷರ ಹಾಗಲ್ಲ. ಈ ಸಲದ ಮಿಡಿ ಉಪ್ಪಿನಕಾಯಿಯ ಹಿನ್ನೆಲೆಯನ್ನೇ ಇಟ್ಟುಕೊಂಡು ಮುಂದಿನ ಸಲ ಹೆಸರಿನ ಪೆಟ್ಟಿಗೆಯಲ್ಲಿ 'ಮಾವಿನ ತೊಕ್ಕು' ಎಂದು ಟೈಪ್ ಮಾಡಿ, ಪದಾರ್ಥಗಳ ಪಟ್ಟಿ ಬದಲಿಸಿದರೆ ಹತ್ತು ನಿಮಿಷದಲ್ಲಿ ಹೊಸ ಲೇಬಲ್ ಸಿದ್ಧ. ರಾಜ್ಯೋತ್ಸವದ ಶುಭಾಶಯಕ್ಕೂ ಇದೇ ದಾರಿ: ಬಾವುಟ, ರಥ ಎಐ ಬರೆಯಲಿ, 'ಕನ್ನಡ' ಎಂಬ ಮೂರಕ್ಷರ ಮಾತ್ರ ನಿಮ್ಮ ಬೆರಳಿನಿಂದಲೇ ಬರಲಿ.